‘ಖಚಿತ ಲಾಭ’ ಅಂದರೆ ದುಡ್ಡು ಹಾಕುವ ಮೊದಲು ಏನೇನು ನೋಡಬೇಕು?

ನನಗೆ ಪರಿಚಯದ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಒಂದು ದಿನ ಮೊಬೈಲ್ ತಂದು ನನ್ನ ಮುಂದಿಟ್ಟರು. ಅದರಲ್ಲಿ ಷೇರು ವ್ಯವಹಾರದ ಒಂದು ಆ್ಯಪ್ ತೆರೆದಿತ್ತು. ಅವರು ಹಾಕಿದ್ದ ಹಣ ಆರು ವಾರದಲ್ಲಿ ನಾಲ್ಕು ಪಟ್ಟಾಗಿದೆ ಎಂದು ಹಸಿರು ಅಂಕಿಗಳು ಹೇಳುತ್ತಿದ್ದವು. ‘ಹಣ ತೆಗೀಬೇಕು ಅಂದ್ರೆ ಮೊದಲು ಲಾಭದ ಮೇಲೆ ಶೇ 20ರಷ್ಟು ತೆರಿಗೆ ಕಟ್ಟಿ ಅಂತಿದಾರೆ. ಕಟ್ಟಿಬಿಡ್ಲಾ?’ ಎಂದು ಕೇಳಿದರು.

ಕಟ್ಟಬೇಡಿ ಟೀಚರ್, ಎಂದೆ. ಕಾರಣ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಆ ಆ್ಯಪ್‌ನೊಳಗೆ ಒಂದು ಷೇರೂ ಇರಲಿಲ್ಲ. ಅವರ ಹಣ ಹಾಕಿದ ದಿನವೇ ಬೇರೆ ಯಾರದೋ ಕೈ ಸೇರಿತ್ತು. ಅಂಕಿಗಳನ್ನು ಯಾರೋ ಕೂತು ಬದಲಿಸುತ್ತಿದ್ದರು, ಅಷ್ಟೆ.

ಟೀಚರ್‌ಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಯಾವ ದಿನ ಯಾವ ಸಂದೇಶ ಬಂತು, ಎಷ್ಟು ಹಣ ಯಾವ ಖಾತೆಗೆ ಹೋಯಿತು ಎಲ್ಲ ಒಂದು ನೋಟ್‌ಬುಕ್‌ನಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು, ಯಾವ ಹಂತದಲ್ಲಿ ಏನು ನೋಡಿದ್ದರೆ ಮೋಸ ಸಿಕ್ಕಿಬೀಳುತ್ತಿತ್ತು ಎಂದು ಇಬ್ಬರೂ ಸಾಲು ಸಾಲಾಗಿ ಹುಡುಕಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

1. ಟಿಪ್ ನಿಜವಾಯಿತು ಎಂದು ನಂಬಬೇಡಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ದುಡ್ಡಿನ ಮಾತೇ ಇಲ್ಲ. ಸೋಷಿಯಲ್ ಮೀಡಿಯಾದಲ್ಲಿ ಒಂದು ಜಾಹೀರಾತು, ಅದನ್ನು ಒತ್ತಿದರೆ ಒಂದು ವಾಟ್ಸ್‌ಆ್ಯಪ್ ಗುಂಪು. ಅಲ್ಲಿ ‘ಪ್ರೊಫೆಸರ್’ ಎನ್ನುವವರು ದಿನಕ್ಕೊಂದು ಟಿಪ್ ಕೊಡುತ್ತಿದ್ದರು. ಪೂರ್ತಿ ಉಚಿತ. ‘ಐದಕ್ಕೆ ಐದೂ ಸರಿಯಾಯ್ತು. ಆಮೇಲೇ ನಾನು ನಂಬಿದ್ದು’ ಎಂದರು ಟೀಚರ್. ಸುಮ್ನೆ ನಂಬಿದವರಲ್ಲ, ಪರೀಕ್ಷೆ ಮಾಡಿಯೇ ನಂಬಿದವರು. ಆದರೆ ಆ ಪರೀಕ್ಷೆಯೇ ಮೋಸದ ಭಾಗ.

ಇದು ಹೇಗೆ ನಡೆಯಬಹುದು ನೋಡಿ. ಒಬ್ಬನ ಬಳಿ 6,400 ಜನರ ನಂಬರ್ ಇದೆ ಎಂದುಕೊಳ್ಳಿ. ಅರ್ಧ ಜನರಿಗೆ ‘ಈ ಷೇರು ನಾಳೆ ಏರುತ್ತದೆ’ ಎಂದು ಕಳಿಸುತ್ತಾನೆ. ಉಳಿದರ್ಧಕ್ಕೆ ‘ಇಳಿಯುತ್ತದೆ’ ಎಂದು ಕಳಿಸುತ್ತಾನೆ. ಮರುದಿನ 3,200 ಜನರ ಮಟ್ಟಿಗೆ ಅವನ ಮಾತು ನಿಜ. ತಪ್ಪು ಸಂದೇಶ ಪಡೆದವರನ್ನು ಕೈಬಿಟ್ಟು, ಈ 3,200 ಜನರನ್ನು ಮತ್ತೆ ಎರಡು ಭಾಗ ಮಾಡುತ್ತಾನೆ. ಆಮೇಲೆ 1,600, 800, 400. ಐದನೇ ದಿನ 200 ಜನ ಉಳಿಯುತ್ತಾರೆ. ಅವರ ಕಣ್ಣಲ್ಲಿ ಈತ ಒಮ್ಮೆಯೂ ತಪ್ಪದ ಜಾಣ. ಇವನಿಗೆ ಷೇರುಪೇಟೆಯ ಗಂಧಗಾಳಿಯೂ ಬೇಕಿಲ್ಲ. ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಟೀಚರ್ ತುಂಬಾ ಹೊತ್ತು ಮಾತಾಡಲಿಲ್ಲ. ಇದು ಅವರು ಮಕ್ಕಳಿಗೆ ಕಲಿಸುತ್ತಿದ್ದ ಲೆಕ್ಕವೇ ಆಗಿತ್ತು.

ಇನ್ನೊಂದು ದಾರಿಯೂ ಇದೆ. ದಿನಕ್ಕೆ ಕೆಲವೇ ಷೇರು ಕೈಬದಲಾಗುವ ಚಿಕ್ಕ ಕಂಪನಿಯನ್ನು ಆರಿಸಿಕೊಂಡು, ಟಿಪ್ ಕೊಡುವವರು ಮೊದಲೇ ಅಗ್ಗಕ್ಕೆ ಕೊಂಡಿರುತ್ತಾರೆ. ಗುಂಪಿನವರೆಲ್ಲ ಒಟ್ಟಿಗೆ ಕೊಳ್ಳಲು ನುಗ್ಗಿದಾಗ ಬೆಲೆ ಏರುತ್ತದೆ. ಟಿಪ್ ‘ನಿಜ’ವಾಗುತ್ತದೆ. ಅದೇ ಹೊತ್ತಿಗೆ ಅವರು ತಮ್ಮ ಪಾಲನ್ನು ನಿಮಗೇ ಮಾರಿರುತ್ತಾರೆ. ಷೇರು ವಿನಿಮಯ ಕೇಂದ್ರದ ವೆಬ್‌ಸೈಟ್‌ನಲ್ಲಿ ಆ ಷೇರಿನ ಕಳೆದ ಕೆಲವು ತಿಂಗಳ ವಹಿವಾಟಿನ ಪ್ರಮಾಣ ನೋಡಿ. ಕಂಪನಿಯ ಕಡೆಯಿಂದ ಯಾವ ಸುದ್ದಿಯೂ ಇಲ್ಲದೆ, ಸತ್ತಂತಿದ್ದ ವಹಿವಾಟು ಟಿಪ್ ಬರುವ ಕೆಲವು ದಿನ ಮೊದಲು ದಿಢೀರನೆ ಎದ್ದಿದ್ದರೆ ಆ ಷೇರನ್ನು ಮುಟ್ಟಬೇಡಿ.

2. ಲಾಭದ ಮಾತನ್ನು ವರ್ಷದ ಲೆಕ್ಕಕ್ಕೆ ತನ್ನಿ

ಮೂರನೇ ವಾರದಲ್ಲಿ ‘ದಿನಕ್ಕೆ ಕನಿಷ್ಠ ಶೇ 2 ಗ್ಯಾರಂಟಿ’ ಎಂಬ ಸಂದೇಶ ಬಂದಿತ್ತು. ಶೇ 2 ಕೇಳಲು ಚಿಕ್ಕದು. ಆದರೆ ಲಾಭವನ್ನೂ ಅಲ್ಲೇ ಬಿಟ್ಟು ವರ್ಷಕ್ಕೆ 250 ದಿನ ವ್ಯವಹಾರ ಮಾಡಿದರೆ ಹಣ ಸುಮಾರು 141 ಪಟ್ಟಾಗಬೇಕು. ಅಂಥ ವಿದ್ಯೆ ಗೊತ್ತಿರುವವನು ಅಪರಿಚಿತರನ್ನು ಹುಡುಕಿಕೊಂಡು ಬರುವುದೇಕೆ? ಸಾಲ ತಂದು ತಾನೇ ಮಾಡಬಹುದಲ್ವಾ?

ತಿಂಗಳಿಗೆ ಶೇ 10 ಕೊಡುತ್ತೇವೆ ಎನ್ನುವವರ ಆಟ ಇನ್ನೂ ನಾಜೂಕು. ನೀವು 100 ಕೊಟ್ಟಿರಿ. ಪ್ರತಿ ತಿಂಗಳು ತಪ್ಪದೆ 10 ಬರುತ್ತದೆ. ಮೂರನೇ ತಿಂಗಳ ಹೊತ್ತಿಗೆ ನಿಮಗೆ ನಂಬಿಕೆ ಬರುತ್ತದೆ, ಅಣ್ಣನಿಗೆ, ನಾದಿನಿಗೆ ಹೇಳುತ್ತೀರಿ. ಆದರೆ ಅಷ್ಟರಲ್ಲಿ ನಿಮಗೆ ಬಂದಿರುವುದು 30. ಅದು ನೀವು ಕೊಟ್ಟ 100ರಲ್ಲಿಯೇ ಹಿಂದಿರುಗಿಸಿದ 30 ಆಗಿರಬಹುದು. ಇನ್ನೂ 70 ಅವರ ಕೈಯಲ್ಲಿದೆ. ಹತ್ತು ತಿಂಗಳು ಬಿಡದೆ ಬಂದರೂ ನಿಮ್ಮ ದುಡ್ಡೇ ನಿಮಗೆ ಬಂದಂತಾಯಿತು. ಹಾಗಾಗಿ ‘ನನಗೆ ಸರಿಯಾಗಿ ಬರ್ತಿದೆ’ ಎಂದು ನೆಂಟರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆ ಮಾತಿನಿಂದ ವ್ಯವಹಾರ ಇದೆ ಎಂದು ಮಾತ್ರ ಸಾಬೀತಾಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಈ ಲಾಭ ಎಲ್ಲಿಂದ ಹುಟ್ಟುತ್ತದೆ? 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ 50 ಲಾಭ ಕೊಡುತ್ತೇನೆಂದು ಜನರಿಂದ ಹಣ ಎತ್ತಿದ. ಒಂದು ದೇಶದಲ್ಲಿ ಅಂಚೆ ಕೂಪನ್ ಅಗ್ಗಕ್ಕೆ ಕೊಂಡು ಇನ್ನೊಂದು ದೇಶದಲ್ಲಿ ಹೆಚ್ಚು ಬೆಲೆಯ ಅಂಚೆಚೀಟಿಗೆ ಬದಲಿಸಿಕೊಳ್ಳುತ್ತೇನೆ ಎಂಬುದು ಅವನ ವಿವರಣೆ. ಪತ್ರಿಕೆಯವರು ಲೆಕ್ಕ ಹಾಕಿಸಿ ನೋಡಿದರು. ಅವನು ಎತ್ತಿದ್ದ ಹಣಕ್ಕೆ 16 ಕೋಟಿ ಕೂಪನ್ ಬೇಕಿತ್ತು. ಚಲಾವಣೆಯಲ್ಲಿ ಇದ್ದದ್ದು ಸುಮಾರು 27,000. ವಿವರಣೆ ಚೆನ್ನಾಗಿದ್ದರೆ ಸಾಲದು, ಹೇಳುವಷ್ಟು ದೊಡ್ಡ ವ್ಯವಹಾರ ಲೋಕದಲ್ಲಿ ಇದೆಯೇ ಎಂದೂ ನೋಡಬೇಕು.

3. ಪರವಾನಗಿಯನ್ನು ನೀವೇ ಹುಡುಕಿ

ಟೀಚರ್ ಸರ್ಟಿಫಿಕೇಟ್ ಕೇಳಿದ್ದರು. ಹತ್ತೇ ನಿಮಿಷದಲ್ಲಿ ಪಿಡಿಎಫ್ ಬಂತು. ಸೀಲು, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಇತ್ತು. ತಮಾಷೆಯಲ್ಲ, ಆ ಸಂಖ್ಯೆ ನಿಜವಾದದ್ದೇ. ಆದರೆ ಅದು ಬೇರೊಂದು ಕಂಪನಿಯದು. ಅಸಲಿ ಕಂಪನಿಯ ಹೆಸರು, ಸಂಖ್ಯೆ, ಲೋಗೊ ಕದ್ದು ತಮ್ಮ ಫೋನ್ ನಂಬರ್ ಸೇರಿಸುವುದು ಇವರ ಹಳೇ ಚಾಳಿ.

ಹಾಗಾಗಿ ಅವರು ಕಳಿಸಿದ ಲಿಂಕ್ ಒತ್ತಬೇಡಿ. ನಿಯಂತ್ರಕ ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಭಾರತದಲ್ಲಿ ಸೆಬಿ, ಬ್ರಿಟನ್‌ನಲ್ಲಿ ಎಫ್‌ಸಿಎ, ಅಮೆರಿಕದಲ್ಲಿ ಎಸ್‌ಇಸಿ ಹೀಗೆ ಒಂದೊಂದು ದೇಶಕ್ಕೂ ಒಂದು ಸಂಸ್ಥೆ ಇದೆ. ಅಲ್ಲಿನ ಪಟ್ಟಿಯಲ್ಲಿ ಹೆಸರು ಸಿಕ್ಕರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಆ ಪಟ್ಟಿಯಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ, ‘ಇಂಥ ಹೆಸರಿನವರು ನಿಮ್ಮಲ್ಲಿ ಇದ್ದಾರಾ? ಈ ಗುಂಪು ನಿಮ್ಮದಾ?’ ಎಂದು ಕೇಳಿ. ಟೀಚರ್ ಹಾಗೆ ಕರೆ ಮಾಡಿದ್ದರೆ ಎರಡು ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು. ಹಲವು ದೇಶಗಳ ನಿಯಂತ್ರಕರು ಕೊಟ್ಟ ಎಚ್ಚರಿಕೆಗಳನ್ನು ಒಂದೇ ಕಡೆ ಹುಡುಕಲು iosco.org ತಾಣದಲ್ಲಿ ‘ಐ-ಸ್ಕ್ಯಾನ್’ ಎಂಬ ಸೌಲಭ್ಯವಿದೆ. ಅಲ್ಲಿ ಹೆಸರು ಇದ್ದರೆ ದೂರ ಇರಿ. ಇಲ್ಲದಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ. ನಿನ್ನೆ ಹುಟ್ಟಿದ ಹೆಸರು ಯಾವ ಪಟ್ಟಿಗೂ ಸೇರಿರುವುದಿಲ್ಲ.

ಇನ್ನೊಂದು ಗೊಂದಲ ತುಂಬಾ ಜನರಿಗಿದೆ. ಕಂಪನಿ ನೋಂದಣಿ ಪತ್ರ, ತೆರಿಗೆ ನೋಂದಣಿ ಸಂಖ್ಯೆ ತೋರಿಸಿದರೆ ಪರವಾನಗಿ ಇದೆ ಎಂದುಕೊಳ್ಳುತ್ತಾರೆ. ಜನರ ಹಣ ಪಡೆದು ಹೂಡಿಕೆ ಮಾಡಲು, ಸಲಹೆ ಕೊಡಲು ಬೇಕಾದ ಅನುಮತಿಯೇ ಬೇರೆ.

4. ಹಣ ಯಾರ ಖಾತೆಗೆ ಹೋಗುತ್ತಿದೆ?

ನೋಟ್‌ಬುಕ್‌ನಲ್ಲಿ ನನಗೆ ಹೊಟ್ಟೆ ಹಿಂಡಿದಂತಾದದ್ದು ಈ ಪುಟ ನೋಡಿದಾಗ. ಐದು ಸಲ ಹಣ ಹಾಕಿದ್ದಾರೆ, ಐದೂ ಬೇರೆ ಬೇರೆ ಖಾತೆಗೆ. ಒಂದು ಬಟ್ಟೆ ವ್ಯಾಪಾರದ ಹೆಸರಿನಲ್ಲಿ, ಒಂದು ಸರಕು ಸಾಗಣೆ ಕಂಪನಿಯ ಹೆಸರಿನಲ್ಲಿ, ಉಳಿದ ಮೂರು ಯಾರೋ ವ್ಯಕ್ತಿಗಳ ಹೆಸರಿನಲ್ಲಿ. ‘ನಮ್ಮ ಖಾತೆಯ ಇವತ್ತಿನ ಮಿತಿ ಮುಗಿದಿದೆ, ಇದಕ್ಕೆ ಹಾಕಿ’ ಎಂದಿದ್ದರಂತೆ.

ಎಲ್ಲ ಪರೀಕ್ಷೆಗಳಲ್ಲಿ ನಾನು ಜಾಸ್ತಿ ನೆಚ್ಚುವುದು ಇದನ್ನೇ. ಆ್ಯಪ್, ವೆಬ್‌ಸೈಟ್, ಸರ್ಟಿಫಿಕೇಟ್ ಎಲ್ಲವನ್ನೂ ನಕಲು ಮಾಡಬಹುದು. ನಿಯಂತ್ರಕರ ಪಟ್ಟಿಯಲ್ಲಿರುವ ಕಂಪನಿಯ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯುವುದು ಅಷ್ಟು ಸುಲಭವಲ್ಲ. ಆದ್ದರಿಂದ ಖಾತೆದಾರರ ಹೆಸರನ್ನು ಮೊದಲು ನೋಡಿ. ಪಟ್ಟಿಯಲ್ಲಿನ ಹೆಸರಿಗೆ ಹೊಂದದಿದ್ದರೆ, ವ್ಯಕ್ತಿಯ ಹೆಸರಿದ್ದರೆ, ಪ್ರತಿ ಸಲ ಬದಲಾಗುತ್ತಿದ್ದರೆ, ಕ್ರಿಪ್ಟೊ ರೂಪದಲ್ಲಿ ಕಳಿಸಿ ಎಂದರೆ ಅಲ್ಲಿಗೆ ನಿಲ್ಲಿಸಿ.

ಹಣ ಕಟ್ಟಿದ ಮೇಲೆ ಷೇರು ನಿಮ್ಮ ಹೆಸರಿಗೆ ಬಂತೇ ಎಂಬುದನ್ನೂ ಆ್ಯಪ್‌ನಿಂದ ತಿಳಿಯಬೇಡಿ. ಷೇರುಗಳ ದಾಖಲೆ ಇಡುವ ಡಿಪಾಸಿಟರಿಯ ವೆಬ್‌ಸೈಟ್‌ಗೆ ನೇರವಾಗಿ ಹೋಗಿ ನೋಡಿ. ಲೆಕ್ಕ ತೋರಿಸುವವರೂ ಷೇರು ಕಾಯುವವರೂ ಒಬ್ಬರೇ ಆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಹೂಡಿಕೆ ಸಂಸ್ಥೆ ನಡೆಸುತ್ತಿದ್ದ ಬರ್ನಾರ್ಡ್ ಮೇಡಾಫ್ ಉದಾಹರಣೆ. 2008ರ ಡಿಸೆಂಬರ್‌ನಲ್ಲಿ ಬಂಧನವಾಗುವವರೆಗೂ ಅವನ ಗ್ರಾಹಕರಿಗೆ ತಪ್ಪದೆ ಲೆಕ್ಕಪತ್ರ ಬರುತ್ತಿತ್ತು. ಅದರಲ್ಲಿದ್ದ ವ್ಯವಹಾರಗಳು ನಡೆದೇ ಇರಲಿಲ್ಲ. ಅವನ ಸಂಸ್ಥೆ ನಿಯಂತ್ರಕರಲ್ಲಿ ನೋಂದಾಯಿತವೂ ಆಗಿತ್ತು. ಮೂರನೇ ಹೆಜ್ಜೆ ಒಂದನ್ನೇ ನಂಬಿ ಕೂರಬಾರದು ಎನ್ನಲು ಇದೇ ಕಾರಣ.

5. ಹಣ ವಾಪಸು ಬರುವ ಪರೀಕ್ಷೆ

‘ಸ್ವಲ್ಪ ಹಾಕಿ, ತೆಗೆದು ನೋಡಿ, ಆಮೇಲೆ ಜಾಸ್ತಿ ಹಾಕಿ’ ಎಂದು ತಿಳಿದವರೇ ಸಲಹೆ ಕೊಡುತ್ತಾರೆ. ಟೀಚರ್ ಅದನ್ನೂ ಮಾಡಿದ್ದರು. ಎರಡನೇ ದಿನವೇ ಚಿಕ್ಕ ಮೊತ್ತ ಬ್ಯಾಂಕಿಗೆ ಬಂತು. ನಾವೆಲ್ಲ ಹೀಗೇ ಪರೀಕ್ಷಿಸುತ್ತೇವೆ ಎಂದು ಮೋಸಗಾರರಿಗೆ ಗೊತ್ತು. ಗಾಳಕ್ಕೆ ಹುಳು ಸಿಕ್ಕಿಸುವ ಹಾಗೆ ಆ ಮೊತ್ತವನ್ನು ಬಿಟ್ಟುಕೊಡುತ್ತಾರೆ.

ನಿಜವಾದ ಬಣ್ಣ ಕಾಣುವುದು ದೊಡ್ಡ ಮೊತ್ತ ಕೇಳಿದಾಗ. ಮೊದಲು ತೆರಿಗೆ, ಆಮೇಲೆ ಕಮಿಷನ್, ಆಮೇಲೆ ‘ಖಾತೆ ಲಾಕ್ ಆಗಿದೆ, ಬಿಡಿಸಲು ಠೇವಣಿ’. ಇಲ್ಲಿ ಒಂದೇ ಮಾತು ಹೇಳಿ: ‘ನನ್ನ ಲಾಭದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡಿ.’ ಹಣ ನಿಜವಾಗಿ ಇದ್ದರೆ ಮುರಿದುಕೊಳ್ಳಲು ಅಡ್ಡಿಯೇನು? ಇಲ್ಲದ ಹಣದಲ್ಲಿ ಮುರಿದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಹೊಸ ಹಣ ಕೇಳುತ್ತಾರೆ. ಟೀಚರ್ ನನ್ನೆದುರೇ ಈ ಸಂದೇಶ ಕಳಿಸಿದರು. ಹತ್ತು ನಿಮಿಷ ಬೆದರಿಕೆ ಬಂತು, ಆಮೇಲೆ ಅವರನ್ನು ಗುಂಪಿನಿಂದ ತೆಗೆದರು.

ಈಗಾಗಲೇ ಹಾಕಿಬಿಟ್ಟಿದ್ದರೆ

ಮೊದಲ ಕರೆ ನಿಮ್ಮ ಬ್ಯಾಂಕಿಗೆ, ಎರಡನೆಯದು ಸೈಬರ್ ಪೊಲೀಸರಿಗೆ. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ಮಧ್ಯದ ಯಾವುದಾದರೂ ಖಾತೆಯಲ್ಲಿ ತಡೆಹಿಡಿಯಲು ಸಾಧ್ಯವಾಗಬಹುದು. ಗುಂಪು ಬಿಡುವ ಮೊದಲು ಸಂದೇಶಗಳು, ನಂಬರ್‌ಗಳು, ಖಾತೆಯ ವಿವರ, ಆ್ಯಪ್‌ನ ಪರದೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಟೀಚರ್ ಕೊನೆಯ ಸಲ ಹಣ ಹಾಕಿ ಒಂದೇ ದಿನವಾಗಿತ್ತು, ನೋಟ್‌ಬುಕ್ಕೂ ಇತ್ತು. ಆ ಐದನೇ ಕಂತಿನ ಒಂದು ಭಾಗಕ್ಕೆ ತಡೆ ಬಿತ್ತು. ಮೊದಲ ನಾಲ್ಕು ಕಂತು ಸಿಗಲಿಲ್ಲ.

ಎರಡು ವಾರ ಕಳೆದ ಮೇಲೆ ಅವರಿಗೆ ಇನ್ನೊಂದು ಕರೆ ಬಂತು. ‘ನೀವು ಕಳೆದುಕೊಂಡ ಹಣ ನಮಗೆ ಸಿಕ್ಕಿದೆ, ಸ್ವಲ್ಪ ಶುಲ್ಕ ಕಟ್ಟಿದರೆ ಬಿಡಿಸಿಕೊಡುತ್ತೇವೆ’ ಎಂದರಂತೆ. ಮೋಸಹೋದವರ ಪಟ್ಟಿಯೂ ಮಾರಾಟಕ್ಕಿರುತ್ತದೆ. ಟೀಚರ್ ಆ ನಂಬರನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಪೊಲೀಸರಿಗೆ ಕೊಟ್ಟು ಬಂದರು.