ಮೂರು ಕಾಲಂಗೆ ಒಂದೇ ಸ್ಟಾರ್, ಡೀವಿಯನ್ಸಿನ 19

ಸಾಲ ಕಟ್ಟದವರನ್ನು ಮೊದಲೇ ಗುರುತಿಸುವ ಲಾಜಿಸ್ಟಿಕ್ ಮಾಡೆಲ್ ನಮ್ಮದು. ನಾಲ್ಕು ವೇರಿಯಬಲ್ ಇಟ್ಟುಕೊಂಡು ವರ್ಷಗಟ್ಟಲೆ ಓಡುತ್ತಿತ್ತು. ಅದಕ್ಕೆ ಹೊರಗಿನಿಂದ ದುಡ್ಡು ಕೊಟ್ಟು ಇನ್ನೂ ಮೂರು ಕಾಲಂ ಸೇರಿಸಬೇಕು ಅಂತ ನಾನು ಹಟ ಹಿಡಿದೆ. ಕಳೆದ 3 ತಿಂಗಳಲ್ಲಿ ಎಷ್ಟು ಕಡೆ ಸಾಲ ಕೇಳಿದ್ದಾರೆ, 6 ತಿಂಗಳಲ್ಲಿ ಎಷ್ಟು ಕಡೆ, ಬೇರೆ ಸಾಲದ ಕಂತು ಎಷ್ಟು ಸಲ ತಡವಾಗಿದೆ. ಒಬ್ಬೊಬ್ಬ ಅರ್ಜಿದಾರರ ವರದಿಗೂ ಪ್ರತ್ಯೇಕವಾಗಿ ದುಡ್ಡು ಕೊಡಬೇಕು. ಹಾಗಾಗಿ ಮೇಲಿನವರು ಸುಮ್ನೆ ಒಪ್ಪುವ ಮಾತೇ ಇರಲಿಲ್ಲ.

ಮೊದಲ ಸಲ ನಾನೇ ಎಡವಿದೆ. ಹಳೆ ಮಾಡೆಲ್‌ನ ಡೀವಿಯನ್ಸ್, ಅಂದರೆ ಡೇಟಾಗೆ ಮಾಡೆಲ್ ಎಷ್ಟು ಹೊಂದಿಲ್ಲ ಅನ್ನುವ ಅಳತೆ, ಸುಮಾರು 3440 ಇತ್ತು. ಹೊಸ ಮಾಡೆಲ್‌ದು 3061. ಕಾಗದದ ಮೇಲೆ ಕಳೆದು ನೋಡಿದೆ, 379! ಮೂರು ಹೊಸ ಕಾಲಂಗೆ ಮೂರು ಡಿಗ್ರಿ ಆಫ್ ಫ್ರೀಡಂ, ಅಷ್ಟಕ್ಕೆ 379 ಅಂದರೆ ಕುಣಿಯುವ ಮೊತ್ತ. ಕುಣಿದೆ ಕೂಡ. ಒಂದು ವರ್ಷದ ಖರೀದಿ ಒಪ್ಪಂದದ ಕರಡು ಸಿದ್ಧವಾಯಿತು. ಸಹಿ ಬೀಳುವ ಹಿಂದಿನ ದಿನ ಸಾಲುಗಳ ಲೆಕ್ಕ ಕಣ್ಣಿಗೆ ಬಿತ್ತು. ಹಳೆ ಮಾಡೆಲ್ 6700 ಸಾಲಿನ ಮೇಲೆ ಕೂತಿತ್ತು, ಹೊಸದು 6000 ಮೇಲೆ. ಹೊಸ ಕಾಲಂಗಳಲ್ಲಿ ಖಾಲಿ ಇದ್ದ 700 ಸಾಲನ್ನು R ಭಾಷೆಯ `glm` ಸದ್ದಿಲ್ಲದೆ ಬಿಟ್ಟಿತ್ತು. ಡೀವಿಯನ್ಸ್ ಸಾಲು ಸಾಲಾಗಿ ಕೂಡಿಬರುವ ಮೊತ್ತ ಅಲ್ವಾ? ಸಾಲು ಕಡಿಮೆಯಾದರೆ ಅದೂ ಇಳಿಯುತ್ತದೆ. `anova` ಹಾಕಿದ್ದರೆ ಸಾಲಿನ ಲೆಕ್ಕ ಹೊಂದುತ್ತಿಲ್ಲ ಅಂತ ಅಲ್ಲೇ ನಿಲ್ಲಿಸುತ್ತಿತ್ತು. ಕೈಯಲ್ಲಿ ಕಳೆದವನಿಗೆ ಯಾರು ಹೇಳಬೇಕು?

ಆಮೇಲೆ ಮಾಡಿದ್ದು ಇಷ್ಟೇ:

```r
d <- d[complete.cases(d), ]
a <- glm(bad ~ x1 + x2 + x3 + x4, family = binomial, data = d)
b <- update(a, . ~ . + ask3 + ask6 + late)
anova(a, b, test = "Chisq")
```

ಅದೇ 6000 ಸಾಲಿನ ಮೇಲೆ ಹಳೆ ಮಾಡೆಲ್ 3080, ಹೊಸದು 3061. 379 ಹೋಗಿ 19 ಉಳಿಯಿತು. ಮುಖ ಸಣ್ಣದಾಯಿತು, ನಿಜ. ಆದರೆ ಮೂರು ಡಿಗ್ರಿಗೆ 19 ಕಡಿಮೆಯೇನಲ್ಲ. ಪಿ ವ್ಯಾಲ್ಯೂ 0.0003ರ ಆಸುಪಾಸು. ಬಿಟ್ಟುಹೋದ ಆ 700 ಜನರ ಬಗ್ಗೆ ಈ ಲೆಕ್ಕ ಏನೂ ಹೇಳುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಹಿಂದೆ ಸಾಲವೇ ಇರಲಿಲ್ಲ, ಅವರಿಗೆ ಈಗಲೂ ಹಳೆ ಮಾಡೆಲ್ಲೇ ಗತಿ.

ಮೀಟಿಂಗಿನಲ್ಲಿ ಎರಡು ತಕರಾರು ಬಂತು. ಒಂದು, `summary`ಯಲ್ಲಿ ಸ್ಟಾರ್ ಎಲ್ಲಿ? `ask3` ಮತ್ತು `ask6` ಎರಡಕ್ಕೂ ಪಿ ವ್ಯಾಲ್ಯೂ 0.1ರ ಮೇಲೆ. `late` ಮಾತ್ರ 0.04ಕ್ಕೆ ಹೇಗೋ ಒಂದು ಸ್ಟಾರ್ ಗಿಟ್ಟಿಸಿತ್ತು. "ಎರಡು ಕಾಲಂ ದಂಡ, ತೆಗೆದುಹಾಕಿ" ಅಂದರು. ಆದರೆ 3 ತಿಂಗಳ ಲೆಕ್ಕ 6 ತಿಂಗಳ ಲೆಕ್ಕದ ಒಳಗೇ ಇದೆ. ಒಂದು ಇದ್ದಾಗ ಇನ್ನೊಂದಕ್ಕೆ ಹೇಳಲು ಹೊಸದೇನೂ ಉಳಿಯುವುದಿಲ್ಲ. ಸ್ಟಾರ್ ಹೇಳುವುದು ಒಂಟಿ ಕಾಲಂ ಕಥೆ, ಉಳಿದವರೆಲ್ಲ ಹಾಜರಿದ್ದಾಗ ಈತ ಬೇಕಾ ಅಂತ. ಎರಡನ್ನೂ ಒಟ್ಟಿಗೆ ತೆಗೆದು ಮತ್ತೆ ಅದೇ `anova` ಮಾಡುವ ಲೈಕ್ಲಿಹುಡ್ ರೇಶಿಯೊ ಟೆಸ್ಟ್ ಹಾಕಿದೆ. ಡೀವಿಯನ್ಸ್ 13ರಷ್ಟು ಏರಿತು, ಎರಡೇ ಡಿಗ್ರಿಗೆ. ಒಂದನ್ನು ಬಿಡಬಹುದು, ಇಬ್ಬರನ್ನೂ ಓಡಿಸುವ ಹಾಗಿಲ್ಲ.

ಎರಡನೇ ತಕರಾರು ಆರ್-ಸ್ಕ್ವೇರ್ ಬಗ್ಗೆ. ಮ್ಯಾಕ್‌ಫ್ಯಾಡನ್ ಅಳತೆ 0.079ರಿಂದ 0.085ಕ್ಕೆ ಹೋಗಿತ್ತು. "ಇಷ್ಟಕ್ಕೆ ದುಡ್ಡು ಕೊಡಬೇಕಾ? ನಿಮ್ಮ ಮಾಡೆಲ್ 9 ಪರ್ಸೆಂಟ್ ಕೂಡ ವಿವರಿಸಲ್ಲ, ಪಕ್ಕದ ತಂಡದವರು 0.19 ತಂದಿದ್ದಾರೆ" ಅಂದರು ನಮ್ಮ ಸಾಹೇಬರು. ನನಗೆ ಸಿಟ್ಟು ಬಂದದ್ದು ಇಲ್ಲೇ. 'ಪರ್ಸೆಂಟ್ ವಿವರಿಸುವ' ಮಾತು ನೇರ ರಿಗ್ರೆಶನ್ನಿನದು. ಮ್ಯಾಕ್‌ಫ್ಯಾಡನ್ ಅಂದರೆ ಡೀವಿಯನ್ಸ್ ಎಷ್ಟು ಪಾಲು ಇಳಿಯಿತು ಅನ್ನುವುದು ಮಾತ್ರ. ನಮ್ಮ ಡೇಟಾದಲ್ಲಿ ಏನೂ ಹಾಕದ ಮಾಡೆಲ್‌ನ ಡೀವಿಯನ್ಸ್ 3345. 1ರಿಂದ 3061/3345 ಕಳೆದರೆ 0.085. ಮ್ಯಾಕ್‌ಫ್ಯಾಡನ್ ಅವರೇ 0.2ರಿಂದ 0.4 ಬಂದರೆ ತುಂಬಾ ಒಳ್ಳೆಯ ಹೊಂದಿಕೆ ಅಂದವರು. ನೇರ ರಿಗ್ರೆಶನ್ನಿನ 0.8 ನೋಡಿ ಬೆಳೆದ ಕಣ್ಣಿಗೆ ಇದು ಹಿಡಿಸುವುದಿಲ್ಲ.

ಅದೇ ಮಾಡೆಲ್‌ಗೆ ಕಾಕ್ಸ್-ಸ್ನೆಲ್ ಅಳತೆ ಹಾಕಿದೆ, 0.046 ಬಂತು. ನಾಗೆಲ್‌ಕೆರ್ಕೆ ಹಾಕಿದೆ, 0.108. ಒಂದೇ ಮಾಡೆಲ್, ಒಂದೇ ಡೇಟಾ, ಮೂರು ಸಂಖ್ಯೆ. ಕಾಕ್ಸ್-ಸ್ನೆಲ್ ನಮ್ಮಲ್ಲಿ 0.43ರ ಮೇಲೆ ಏರಲಾರದು, ಏಕೆಂದರೆ 6000ದಲ್ಲಿ ಕಟ್ಟದವರು 480 ಮಾತ್ರ. ನಾಗೆಲ್‌ಕೆರ್ಕೆ ಆ 0.43ರಿಂದ ಭಾಗಿಸಿ ಉಬ್ಬಿಸುತ್ತದೆ. ವರದಿಯಲ್ಲಿ ಯಾವುದು ಅಂತ ಬರೆಯದೆ 'ಆರ್-ಸ್ಕ್ವೇರ್' ಅಂತ ಮಾತ್ರ ಬರೆದವರನ್ನು ನಾನು ನಂಬುವುದಿಲ್ಲ.

ಪಕ್ಕದವರ 0.19 ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಕೇಳಿದರೆ, ಅವರು ಕಟ್ಟದವರನ್ನೂ ಕಟ್ಟಿದವರನ್ನೂ ಸಮ ಸಮ ಆರಿಸಿಕೊಂಡಿದ್ದರು. ನಾನೂ ಹಾಗೇ ಮಾಡಿದೆ. 480 ಕೆಟ್ಟ ಸಾಲ ಪೂರ್ತಿ ಇಟ್ಟುಕೊಂಡೆ, ಒಳ್ಳೆಯವುಗಳಲ್ಲಿ ಕಣ್ಣು ಮುಚ್ಚಿ 480 ಎತ್ತಿದೆ. ಕೋಎಫಿಶಿಯಂಟ್‌ಗಳು ಹೆಚ್ಚುಕಡಿಮೆ ಅಲ್ಲೇ ಇದ್ದವು, ಇಂಟರ್ಸೆಪ್ಟ್ ಮಾತ್ರ ಸರಿಯಿತು. ನಾಗೆಲ್‌ಕೆರ್ಕೆ ಮಾತ್ರ 0.108ರಿಂದ 0.19ರ ಹತ್ತಿರಕ್ಕೆ ಜಿಗಿಯಿತು! ಮ್ಯಾಕ್‌ಫ್ಯಾಡನ್ ಕೂಡ 0.11 ಆಯಿತು. ಮಾಡೆಲ್ ಒಂದಿಷ್ಟೂ ಜಾಣವಾಗಿರಲಿಲ್ಲ. ಬೇರೆ ಬೇರೆ ಡೇಟಾದ ಸ್ಯೂಡೊ ಆರ್-ಸ್ಕ್ವೇರ್ ಹೋಲಿಸಬಾರದು ಅಂತ ಹೇಳಲು ನನಗೆ ಇನ್ನು ಬೇರೆ ವಾದ ಬೇಕಾಗಲಿಲ್ಲ.

ಆದರೂ 19 ಅನ್ನುವುದು ಅದೃಷ್ಟವಿರಬಹುದಲ್ವಾ ಅಂತ ಒಬ್ಬರು ಕೆಣಕಿದರು. ಒಂದು ರಾತ್ರಿ ಕೂತು ಆ ಮೂರು ಕಾಲಂಗಳನ್ನು ಒಟ್ಟಿಗೆ ಸಾಲು ಕಲಸಿ, ಮಾಡೆಲ್ ಮತ್ತೆ ಓಡಿಸಿ, ಡೀವಿಯನ್ಸ್ ಎಷ್ಟು ಇಳಿಯುತ್ತದೆ ಅಂತ 1000 ಸಲ ಬರೆದಿಟ್ಟೆ. ಕಸ ಕಾಲಂ ಹಾಕಿದರೂ ಡೀವಿಯನ್ಸ್ ಇಳಿದೇ ಇಳಿಯುತ್ತದೆ, ಸರಾಸರಿ 3ರಷ್ಟು. ನೂರಕ್ಕೆ ಐದು ಸಲ ಮಾತ್ರ 8ರ ಹತ್ತಿರ ಅಥವಾ ಅದಕ್ಕೂ ಮೇಲೆ. ಸಾವಿರದಲ್ಲಿ ಅತಿ ದೊಡ್ಡದು 15 ಚಿಲ್ಲರೆ. ನಮ್ಮ 19 ಅದನ್ನೂ ದಾಟಿತ್ತು. ಈ ಪಟ್ಟಿ ತೋರಿಸಿದ ಮೇಲೆ ಅವರು ಮಾತಾಡಲಿಲ್ಲ. ಕೈ-ಸ್ಕ್ವೇರ್ ಟೇಬಲ್ ತೋರಿಸಿದ್ದಾಗ ಯಾರೂ ಕೇಳಿಸಿಕೊಂಡಿರಲಿಲ್ಲ.

ಇನ್ನೊಂದು ಮಾತು. ಹೊಸ ಮಾಡೆಲ್‌ನ ಡೀವಿಯನ್ಸ್ 3061, ಡಿಗ್ರಿ 5992. ಡಿಗ್ರಿಗಿಂತ ಎಷ್ಟೋ ಕಡಿಮೆ ಇದೆ, ಹಾಗಾಗಿ ಮಾಡೆಲ್ ಚೆನ್ನಾಗಿ ಹೊಂದಿದೆ ಅಂತ ಒಬ್ಬ ಹುಡುಗ ಸ್ಲೈಡ್ ಮಾಡಿದ್ದ. ಒಂದೊಂದು ಸಾಲೂ 0 ಅಥವಾ 1 ಆಗಿರುವಾಗ ಆ ಹೋಲಿಕೆಗೆ ಅರ್ಥವಿಲ್ಲ. ಎರಡು ಮಾಡೆಲ್‌ಗಳ ವ್ಯತ್ಯಾಸ ಮಾತ್ರ ನಂಬಬಹುದು, ಅದೂ ಒಂದು ಇನ್ನೊಂದರ ಒಳಗೆ ಕೂರುವಾಗ. ಸ್ಲೈಡ್ ತೆಗೆಸಿದೆ.

19 ಬಂತು ಅಂದಾಕ್ಷಣ ದುಡ್ಡು ಬರುವುದಿಲ್ಲ, ಅದು ನನಗೂ ಗೊತ್ತು. ಸಾಲುಗಳು ಸಾಕಷ್ಟಿದ್ದರೆ ಪುಟ್ಟ ಪರಿಣಾಮಕ್ಕೂ ಟೆಸ್ಟ್ ತಲೆಯಾಡಿಸುತ್ತದೆ. ಅದಕ್ಕೇ ಅತಿ ಅಪಾಯದ 600 ಜನರನ್ನು ಎರಡೂ ಮಾಡೆಲ್‌ನಿಂದ ಆರಿಸಿ ಎಣಿಸಿದೆ. ಹಳೆಯದು ಹಿಡಿದದ್ದು ಸುಮಾರು 129 ಕೆಟ್ಟ ಸಾಲ, ಹೊಸದು 135. ಆರು ಜಾಸ್ತಿ. ನಗಬೇಡಿ, ಮುಳುಗುವ ಒಂದು ಸಾಲದ ದುಡ್ಡಿನಲ್ಲಿ ನಮಗೆ ಏನಿಲ್ಲವೆಂದರೂ 2000 ವರದಿ ಸಿಗುತ್ತದೆ. 6000 ವರದಿಯ ಖರ್ಚು ಮೂರು ಸಾಲಕ್ಕೇ ತೀರಿತು. ಇದು ಮಾಡೆಲ್ ಕಲಿತ ಡೇಟಾದ ಮೇಲಿನ ಎಣಿಕೆ, ಹೊಸ ಅರ್ಜಿಗಳಲ್ಲಿ ಸ್ವಲ್ಪ ಇಳಿಯಿತು, ಆದರೂ ನಷ್ಟವಾಗಲಿಲ್ಲ.

ಈಗ ಎಲ್ಲರ ವರದಿಯನ್ನೂ ಕೊಳ್ಳುವುದಿಲ್ಲ. ಹಳೆ ಮಾಡೆಲ್ ಹೌದೋ ಅಲ್ಲವೋ ಅಂತ ತೊಯ್ದಾಡುವ ನಡುವಿನ ಗುಂಪಿಗೆ ಮಾತ್ರ ಕೊಳ್ಳುತ್ತೇವೆ, ಖರ್ಚು ಅರ್ಧಕ್ಕಿಂತ ಕೆಳಗೆ ಬಂದಿದೆ. ಆ ಗುಂಪಿನ ಗೆರೆ ಎಲ್ಲಿ ಎಳೆದೆ ಅಂತ ಮಾತ್ರ ಕೇಳಬೇಡಿ.