ಅಂಗಿಯ ತೋಳಿಗೆ ಫ್ಲಾಟ್ ಫೆಲ್ ಹೊಲಿಗೆ: ನಾನು ಮಾಡುವ ಕ್ರಮ

ಡೊಂಬಿವಲಿಯ ನಮ್ಮ ಅಂಗಡಿಗೆ ಬರುವ ಹೋಟೆಲಿನವರೆಲ್ಲ ಹೇಳುವುದು ಒಂದೇ ಮಾತು: "ಬಟ್ಟೆ ಹರಿಯೋದಿಲ್ಲ ಮಾರಾಯ್ರೆ, ಕಂಕುಳಲ್ಲಿ ಹೊಲಿಗೆ ಬಿಟ್ಟುಹೋಗ್ತದೆ." ಬೆವರು, ದಿನಾ ಒಗೆತ, ಮೇಲಿನ ಕಪಾಟಿಗೆ ಕೈ ಚಾಚುವ ಕೆಲಸ. ಇಷ್ಟಾದರೆ ಒಂದೇ ಸಾಲು ಹೊಲಿದು ಓವರ್‌ಲಾಕ್ ಮಾಡಿದ ತೋಳು ಹೆಚ್ಚು ಕಾಲ ತಡೆಯುವುದಿಲ್ಲ. ಅಂಥವರ ಅಂಗಿಗೆ ನಾನು ಫ್ಲಾಟ್ ಫೆಲ್ ಹಾಕುತ್ತೇನೆ. ಬಟ್ಟೆಯ ಕಚ್ಚಾ ಅಂಚು ಮಡಿಕೆಯೊಳಗೆ ಮುಚ್ಚಿಹೋಗುತ್ತದೆ, ಎಳೆತವನ್ನು ಎರಡು ಸಾಲು ಹೊಲಿಗೆ ಹಂಚಿಕೊಳ್ಳುತ್ತವೆ.

ಈಚೆಗೆ ಮಂಗಲದಾಸ್ ಮಾರ್ಕೆಟಿನಿಂದ ತಂದ ಬಿಳಿ ಪಾಪ್ಲಿನ್‌ನಲ್ಲಿ ಹೊಲಿದ ಒಂದು ಅಂಗಿಯನ್ನೇ ಹೇಳುತ್ತೇನೆ. ಕತ್ತರಿಸುವಾಗ ಮೈಭಾಗದ ಆರ್ಮ್‌ಹೋಲಿಗೆ ಬಿಟ್ಟದ್ದು ಕಾಲು ಇಂಚು ಮಾರ್ಜಿನ್, ತೋಳಿಗೆ ಅರ್ಧ ಇಂಚು. ಹೆಚ್ಚಿನದ್ದು ತೋಳಿನ ಕಡೆಗೇ ಇರಬೇಕು. ತೋಳಿನ ತಲೆಭಾಗ ಹೊರಕ್ಕೆ ಉಬ್ಬಿದ ಕಮಾನು. ಅದರ ಮಾರ್ಜಿನ್ ಮೈಯ ಮೇಲೆ ಹೊರಳಿದರೆ ತಾನಾಗಿ ಹರಡಿ ಕೂರುತ್ತದೆ. ಮೈಯ ಮಾರ್ಜಿನ್ ಒಳಕ್ಕೆ ಬಾಗಿದ್ದು. ಹಿಂದಕ್ಕೆ ಮಡಿಸಿದರೆ ಅಂಚು ಸಾಲದೆ ಬಿಗಿಯುತ್ತದೆ. ಅದಕ್ಕೇ ಅದು ಕಿರಿದಾಗಿರಬೇಕು.

ತೋಳನ್ನು ಕೊಳವೆ ಮಾಡುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗಲೇ ಕೂಡಿಸುತ್ತೇನೆ. ಅದಕ್ಕೂ ಮೊದಲು ಇಸ್ತ್ರಿ ಕೆಲಸ: ತೋಳಿನ ಅಂಚನ್ನು ಹೊರಮೈ ಕಡೆಗೆ ಕಾಲು ಇಂಚು ಮಡಿಸಿ, ಗೆರೆ ಬೀಳುವಂತೆ ಒತ್ತಿ, ಮತ್ತೆ ಬಿಡಿಸುತ್ತೇನೆ. ಕಮಾನಿನ ಅಂಚು ಉದ್ದವಿರುವುದರಿಂದ ಮಡಿಸುವಾಗ ಅಲ್ಲಲ್ಲಿ ಸಣ್ಣ ನೆರಿಗೆ ಏಳುತ್ತದೆ. ಅದನ್ನು ಇಸ್ತ್ರಿಯ ಆವಿಯಲ್ಲಿ ಈಗಲೇ ಅಡಗಿಸಬೇಕು. ಮಷಿನ್ ಕೆಳಗೆ ಹೋದ ಮೇಲೆ ಅಡಗುವುದಿಲ್ಲ.

ಆಮೇಲೆ ತೋಳು ಕೆಳಗೆ, ಹೊರಮೈ ಮೇಲೆ; ಅದರ ಮೇಲೆ ಮೈಭಾಗ ಬೋರಲು. ಮೈಯ ಅಂಚನ್ನು ತೋಳಿನ ಇಸ್ತ್ರಿ ಗೆರೆಗೆ ಸರಿಯಾಗಿ ಇಟ್ಟು, ಕಾಲು ಇಂಚಿಗೆ ಮೊದಲ ಹೊಲಿಗೆ. ತೋಳು ಕೆಳಗೇ ಇರಬೇಕು ಅನ್ನುವುದಕ್ಕೆ ಕಾರಣವಿದೆ: ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ತುಸು ಹೆಚ್ಚು ತಳ್ಳುತ್ತದೆ, ತೋಳಿನ ಚೂರುಪಾರು ಹೆಚ್ಚುವರಿ ಅದರಲ್ಲೇ ಕರಗುತ್ತದೆ. ಆದರೆ ಹೊಲಿಗೆ ಗೆರೆಯ ಮೇಲೆ ಟೇಪ್ ಓಡಿಸಿದಾಗ ತೋಳು ಆರ್ಮ್‌ಹೋಲಿಗಿಂತ ಅರ್ಧ ಇಂಚಿಗೂ ಹೆಚ್ಚು ಉದ್ದ ಬಂದರೆ ನಾನು ತೋಳಿನ ತಲೆಯನ್ನೇ ತಗ್ಗಿಸಿ ಕತ್ತರಿಸುತ್ತೇನೆ. ಪಫ್ ತೋಳಿಗೆ ಈ ಹೊಲಿಗೆ ಹೊಂದುವುದೇ ಇಲ್ಲ.

ಈಗ ತೋಳಿನ ಅಂಚನ್ನು ಅದೇ ಗೆರೆಯಲ್ಲಿ ಮೈಯ ಮಾರ್ಜಿನ್ ಮೇಲೆ ಮುಚ್ಚಿ, ಎರಡನ್ನೂ ಮೈ ಕಡೆಗೆ ಹೊರಳಿಸಿ ಇಸ್ತ್ರಿ. ಹೊರಗಿನಿಂದಲೂ ಒಮ್ಮೆ ಒತ್ತಿ, ಜೋಡಣೆಯ ಮೇಲೆ ಉಗುರು ಎಳೆದು ನೋಡುತ್ತೇನೆ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬಟ್ಟೆ ಪೂರ್ತಿ ತೆರೆದುಕೊಂಡಿಲ್ಲ, ಸಣ್ಣ ಮಡಿಕೆ ಉಳಿದಿದೆ ಎಂದರ್ಥ.

ಎರಡನೆಯ ಸಾಲನ್ನು ಒಳಗಿನಿಂದಲೇ ಹಾಕುತ್ತೇನೆ, ಮಡಿಕೆಯ ಅಂಚಿನಿಂದ ಅರ್ಧ ಸೂತ್ ಒಳಗೆ. ಸೂತ್ ಅಂದರೆ ಇಂಚಿನಲ್ಲಿ ಎಂಟನೆಯ ಒಂದು ಪಾಲು. ಅಂಚು ಕಣ್ಣಿಗೆ ಕಾಣುವುದರಿಂದ ಸೂಜಿ ತಪ್ಪುವುದಿಲ್ಲ. ಆದರೆ ಹೀಗೆ ಹೊಲಿದಾಗ ಅಂಗಿಯ ಹೊರಗೆ ಕಾಣುವುದು ಬಾಬಿನ್ ದಾರದ ಸಾಲು. ಅದಕ್ಕೇ ಮೇಲೆ ಕೆಳಗೆ ಒಂದೇ ದಾರ, ಮತ್ತು ಅದೇ ಪಾಪ್ಲಿನ್ ತುಂಡನ್ನು ನಾಲ್ಕು ಪದರ ಮಾಡಿ ಮೊದಲು ಟೆನ್ಷನ್ ನೋಡಿಕೊಳ್ಳುವುದು.

ಕಷ್ಟದ ಜಾಗ ಮುಂಭಾಗದಲ್ಲಿ, ಕಂಕುಳ ಕಡೆಗಿನ ತಿರುವು. ಅಲ್ಲಿ ಬಟ್ಟೆ ಓರೆಯಾಗಿ ಬರುತ್ತದೆ, ಎಳೆದರೆ ಹಿಗ್ಗುತ್ತದೆ. ಫುಟ್ ಮೇಲಿನ ಮಡಿಕೆಯನ್ನು ಮುಂದಕ್ಕೆ ನೂಕುತ್ತದೆ, ಕೆಳಗಿನದು ಹಿಂದೆ ಸರಿಯುತ್ತದೆ. ಪಟ್ಟಿಯ ಮೇಲೆ ಹಗ್ಗದ ಹುರಿಯ ಹಾಗೆ ಓರೆ ಸುಕ್ಕು ಕಂಡರೆ ಆದದ್ದು ಇದೇ. ಇಸ್ತ್ರಿಯಿಂದ ಅದು ಹೋಗುವುದಿಲ್ಲ, ಬಿಚ್ಚಬೇಕು. ಆ ತಿರುವಿಗೆ ನಾನು ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇನೆ, ಸ್ವಲ್ಪ ಸ್ವಲ್ಪಕ್ಕೆ ಸೂಜಿ ಕೆಳಗಿಟ್ಟು ಫುಟ್ ಎತ್ತಿ ಬಟ್ಟೆಯನ್ನು ಸಡಿಲ ಬಿಡುತ್ತೇನೆ. ಸಮಯ ಹಿಡಿಯುತ್ತದೆ, ಅದಕ್ಕೆ ಕೂಲಿಯನ್ನೂ ಹೆಚ್ಚೇ ಕೇಳುತ್ತೇನೆ.

ಕೊನೆಗೆ ಕೆಳಅಂಚಿನಿಂದ ಕಫ್‌ವರೆಗೆ ಒಂದೇ ಓಟದಲ್ಲಿ ಬದಿ ಹೊಲಿಗೆ, ಅದೂ ಫ್ಲಾಟ್ ಫೆಲ್. ಕಂಕುಳಲ್ಲಿ ಎರಡು ಪಟ್ಟಿ ಅಡ್ಡ ಹಾಯುವ ಕಡೆ ನಾಲ್ಕು ಪದರದ ಪಟ್ಟಿಯೇ ಮತ್ತೆ ನಾಲ್ಕು ಪಟ್ಟಾಗಿ ಮಡಿಕೆ ಬಿದ್ದು ಹದಿನಾರು ಪದರ ಆಗುತ್ತದೆ. ಅಲ್ಲಿ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ವೇಗದಲ್ಲಿ ಹೋದರೆ ಸೂಜಿ ಬಾಗಿ ಹೊಲಿಗೆ ಬಿಟ್ಟುಹೋಗುತ್ತದೆ. ಪಾಪ್ಲಿನ್‌ಗೆ ಇದು ಸಲ್ಲುತ್ತದೆ, ದಪ್ಪ ಲಿನನ್‌ಗೆ ಬೇಡ ಎನ್ನುತ್ತೇನೆ. "ಸ್ವಲ್ಪ ಮಾರ್ಜಿನ್ ಬಿಡಿ, ಮುಂದೆ ದಪ್ಪ ಆದರೆ ಬಿಚ್ಚಿಸಬಹುದು" ಎನ್ನುವವರಿಗೆ ಮೊದಲೇ ತಿಳಿಸಿಬಿಡುತ್ತೇನೆ: ಈ ಹೊಲಿಗೆಯಲ್ಲಿ ಬಿಚ್ಚಿ ದೊಡ್ಡದು ಮಾಡುವಷ್ಟು ಬಟ್ಟೆ ಒಳಗೆ ಉಳಿದಿರುವುದಿಲ್ಲ.