ಏಳು ಗಂಟೆ ನಡೆದ ಮೀಟಿಂಗ್, ಒಂದೇ ಹಾಳೆ

ಇಡೀ ಮೀಟಿಂಗಿನ ತೀರ್ಮಾನಗಳೆಲ್ಲ ಒಂದು ಹಾಳೆಯಲ್ಲಿ ಹಿಡಿಯಲ್ಲ ಅಂತ ನಮ್ಮ ಫೈನಾನ್ಸ್ ಮುಖ್ಯಸ್ಥರು ನೇರವಾಗಿಯೇ ಹೇಳಿದ್ದರು. 9 ಜನ ದೊಡ್ಡವರು, ಸುಮಾರು 7 ಗಂಟೆ ಮಾತು, ಬರೆದುಕೊಳ್ಳೋಕೆ ಅಂತ ಯಾರನ್ನೂ ಕೂರಿಸಿರಲಿಲ್ಲ. ನಾನು ಅಲ್ಲಿದ್ದದ್ದು ಲೆಕ್ಕದ ಶೀಟ್ ಪರದೆ ಮೇಲೆ ತೋರಿಸೋಕೆ. ಕೊನೆಯಲ್ಲಿ ಎಂ.ಡಿ. ಎದ್ದು ಹೋಗುತ್ತಾ "ನೀವೇ ಒಂದು ನೋಟ್ ಕಳಿಸಿಬಿಡಿ" ಅಂದರು.

ಇದಕ್ಕೆ ಮುಂಚೆ ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲನೇ ಸಲ ಯಾರು ಏನು ಹೇಳಿದರು ಅಂತ ಸಾಲಾಗಿ 11 ಪುಟ ಬರೆದೆ. ಯಾರೂ ಓದಲಿಲ್ಲ. ಓದಿದ ಇಬ್ಬರು "ನಾನು ಹಾಗೆ ಹೇಳೇ ಇಲ್ಲ" ಅಂತ ಜಗಳಕ್ಕೆ ಬಂದರು.

ಎರಡನೇ ಸಲದ್ದು ದುಬಾರಿ ಪಾಠ. ಒಂದು ಪುಟಕ್ಕೆ ಇಳಿಸೋ ಹಟದಲ್ಲಿ "ಹೊಸ ಸಾಫ್ಟ್‌ವೇರ್‌ಗೆ ಒಪ್ಪಿಗೆ" ಅಂತ ಬರೆದೆ. ನಿಜಕ್ಕೂ ಆಗಿದ್ದು, ಮೊದಲು ಒಂದು ಶಾಖೆಯಲ್ಲಿ ಹಾಕಿ ನೋಡೋಣ, ಸರಿ ಹೋದರೆ ಉಳಿದ ಕಡೆ ಅಂತ. ಆ "ಸರಿ ಹೋದರೆ" ನನ್ನ ಪುಟದಲ್ಲಿ ಉಳಿಯಲಿಲ್ಲ. ಖರೀದಿಯವರು ಎಲ್ಲಾ ಶಾಖೆಗೂ ಲೈಸೆನ್ಸ್ ತಗೊಂಡು ಒಂದು ವರ್ಷದ ದುಡ್ಡು ಮುಂಗಡ ಕಟ್ಟಿಬಿಟ್ಟರು. ಸುಮಾರು ಮೂರನೇ ಒಂದು ಭಾಗ ಲೈಸೆನ್ಸ್ ಯಾರೂ ಮುಟ್ಟಲೇ ಇಲ್ಲ. ದುಡ್ಡೂ ವಾಪಸ್ ಬರಲಿಲ್ಲ.

ಅದಕ್ಕೇ ಈ ಸಲ ಎಲ್ಲರೂ ರೂಮ್ ಬಿಡೋ ಮುಂಚೆಯೇ ಬೋರ್ಡಿನ ಫೋಟೋ ತೆಗೆದೆ, ಯಾರ್ಯಾರು ಏನು ಗೀಚಿಕೊಂಡಿದ್ದಾರೆ ಅಂತ ಕೇಳಿದೆ. ನಾಲ್ಕು ಜನ ನೋಟ್‌ಬುಕ್ ಕೊಟ್ಟರು. ಅದೇ ರಾತ್ರಿ ಕೂತು ತೀರ್ಮಾನದ ಹಾಗೆ ಕಾಣೋ ಸಾಲುಗಳನ್ನೆಲ್ಲ ಹೆಕ್ಕಿದೆ, ಒಂದು ನಲವತ್ತು ಸಿಕ್ಕವು. ಪ್ರತಿ ಸಾಲಿಗೂ ಕೇಳಿದ್ದು ಇಷ್ಟೇ: ಯಾರು ಮಾಡಬೇಕು, ಯಾವಾಗಿನೊಳಗೆ, ಎಷ್ಟು ದುಡ್ಡಿನವರೆಗೆ, ಯಾವ ಷರತ್ತಿನ ಮೇಲೆ. ಉತ್ತರ ಇದ್ದದ್ದು ಆರಕ್ಕೆ ಮಾತ್ರ! ಇನ್ನೈದು ಅರ್ಧಕ್ಕೆ ನಿಂತಿದ್ದವು. ಉಳಿದದ್ದು ಬರೀ ಮಾತು, ಬಿಟ್ಟೆ.

ಹಳೆ ಮಾಡೆಲ್‌ನ ವಿಷಯ ನೋಡಿ. ನನ್ನ ಪುಸ್ತಕದಲ್ಲಿ "ನಿಲ್ಲಿಸೋದು, ಓಕೆ". ಸೇಲ್ಸ್‌ನವರ ಪುಸ್ತಕದಲ್ಲಿ "ಮಾರ್ಚ್‌ವರೆಗೆ ಇರುತ್ತೆ". ಫೈನಾನ್ಸ್‌ನವರದ್ದು "ಸ್ಟಾಕ್ ಖಾಲಿ ಆಗೋವರೆಗೆ". ಬೋರ್ಡ್ ಮೇಲೆ "ಮಾರ್ಚ್" ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ನಾಲ್ಕೂ ಒಂದೇ ರೂಮಿನಲ್ಲಿ ಬರೆದದ್ದು! ಇಲ್ಲಿ ಜಾಣತನ ತೋರಿಸಿ ನಾವೇ ಒಂದನ್ನು ಆರಿಸಬಾರದು. ಎರಡು ವಾಕ್ಯ ಬರೆದುಕೊಂಡು ಬೆಳಗ್ಗೆ ಎಂ.ಡಿ. ಮುಂದೆ ಇಟ್ಟು, ಯಾವುದು ಅಂತ ಕೇಳಿದೆ. ಅವರಿಂದ ಐದೇ ನಿಮಿಷದಲ್ಲಿ ಉತ್ತರ ತೆಗೆಸಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೊನೆಗೆ ಹಾಳೆಗೆ ಹೋಗಿದ್ದು ಹೀಗೆ: "ಹಳೆ ಮಾಡೆಲ್ ಉತ್ಪಾದನೆ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಉಳಿದ ಸ್ಟಾಕ್ ಖಾಲಿಯಾಗುವವರೆಗೆ ಮಾರಾಟ ಇರುತ್ತದೆ. ಹೊಣೆ: ಉತ್ಪಾದನಾ ಮುಖ್ಯಸ್ಥರು." ಬಿಡಿಭಾಗ ಎಷ್ಟು ವರ್ಷ ಕೊಡಬೇಕು ಅನ್ನೋದು ಮಾತ್ರ ಇತ್ಯರ್ಥ ಆಗಿರಲಿಲ್ಲ, ಅದು ಕೆಳಗಿನ "ತೀರ್ಮಾನವಾಗಿಲ್ಲ" ಡಬ್ಬಿಗೆ ಹೋಯಿತು. ಸೇಲ್ಸ್ ಮುಖ್ಯಸ್ಥರು 15ನೇ ತಾರೀಕಿನೊಳಗೆ ಪ್ರಸ್ತಾವ ತರಬೇಕು ಅಂತ ಅದರ ಪಕ್ಕ ಬರೆದೆ. ಹಾಳೆಯಲ್ಲಿ ಆ ಡಬ್ಬಿಯೇ ನನಗೆ ಜಾಸ್ತಿ ಇಷ್ಟ.

ಮೇಲ್ಗಡೆ ಹಾಜರಿದ್ದವರ ಪಟ್ಟಿ, ಜೊತೆಗೆ ಊಟದ ನಂತರ ಎದ್ದು ಹೋದ ಇಬ್ಬರ ಹೆಸರು. ಇದನ್ನು ಬಿಡಬೇಡಿ, ಆಮೇಲೆ "ನನಗೆ ಗೊತ್ತೇ ಇಲ್ಲ" ಅನ್ನೋದು ಅವರೇ. ಕೊನೆಯ ಸಾಲು: "ತಪ್ಪಿದ್ದರೆ ನಾಳೆ ಸಂಜೆ 5ರೊಳಗೆ ತಿಳಿಸಿ, ನಂತರ ಇದೇ ದಾಖಲೆ." ಆದರೆ ಯಾರ ಮೇಲೆ ಕೆಲಸ ಬಿದ್ದಿದೆಯೋ ಅವರು ಸುಮ್ನೆ ಇದ್ದರೆ ಒಪ್ಪಿಗೆ ಅಂತ ನಾನು ತಗೊಳ್ಳಲ್ಲ. ಒಬ್ಬೊಬ್ಬರಿಗೂ ಅವರ ಸಾಲು ಮಾತ್ರ ಕಳಿಸಿ "ಹೌದು" ಅಂತ ಬರೆಸಿಕೊಂಡೆ.

ನಡುವೆ ಒಂದು ಪ್ರಯೋಗವೂ ಆಯಿತು. ಪ್ರತಿ ತೀರ್ಮಾನದ ಕೆಳಗೆ ಒಂದು ಸಾಲು ಕಾರಣ ಬರೆದು ಇಬ್ಬರಿಗೆ ತೋರಿಸಿದೆ. ತೀರ್ಮಾನ ಒಪ್ಪಿಕೊಂಡವರು ಕಾರಣಕ್ಕೆ ಜಗಳ ತೆಗೆದರು, ಚರ್ಚೆ ಮತ್ತೆ ಮೊದಲಿಂದ ಶುರು! ಕಾರಣಗಳನ್ನು ಕಿತ್ತು ಬೇರೆ ಫೈಲಿಗೆ ಹಾಕಿದೆ. ಆರು ತಿಂಗಳಾದ ಮೇಲೆ ಯಾರಾದರೂ ಕೇಳೇ ಕೇಳುತ್ತಾರೆ.

ಮೂರು ತಿದ್ದುಪಡಿ ಬಂದವು, ಒಂದು ಬರೀ ತಾರೀಕಿನದ್ದು. ಫೈನಾನ್ಸ್ ಮುಖ್ಯಸ್ಥರದ್ದು ಒಂದೂ ಇರಲಿಲ್ಲ. 15ಕ್ಕೆ ಬಿಡಿಭಾಗದ ಪ್ರಸ್ತಾವ ಬಂತು. ಮುಂದಿನ ಮೀಟಿಂಗ್‌ನಲ್ಲಿ ಫೈನಾನ್ಸ್ ಮುಖ್ಯಸ್ಥರೇ ನನ್ನ ಹಾಳೆ ತೆಗೆದು, ಡಬ್ಬಿಯಲ್ಲಿದ್ದ ಐದನ್ನೇ ಮೊದಲು ಎತ್ತಿಕೊಂಡರು.